ಮೂರು ಕೇಳಿದೆ, ಒಂದಕ್ಕೆ ಮಾತ್ರ ಉತ್ತರ ಬಂತು. ಅಡಿಕೆ ಉದುರುತ್ತಿರುವ ತೋಟಕ್ಕೆ ಈಗ ಏನು ಹೇಳಲಿ?

ಹಿಂಗಾರ

ನಮ್ಮ ಬೆಳೆಗಾರರ ಗುಂಪಿನ ವಾಟ್ಸಾಪ್ ನಂಬರಿಗೆ ಬರುವ ಪ್ರಶ್ನೆಗಳನ್ನು ನೋಡಿಕೊಳ್ಳುವವಳು ನಾನು. ಮೊನ್ನೆ ಜುಲೈ 19ರ ರಾತ್ರಿ ಒಬ್ಬರು ಫೋಟೋ ಹಾಕಿ, "ಅಡಿಕೆ ವಿಪರೀತ ಉದುರ್ತಾ ಇದೆ, ಏನು ಹೊಡೀಬೇಕು?" ಅಂತ ಕೇಳಿದರು. ಫೋಟೋದಲ್ಲಿ ಅಂಗಳದ ಮೂಲೆಯಲ್ಲಿ ಒಂದು ಬುಟ್ಟಿ ಹಸಿರು ಕಾಯಿ. ನಿಂತಲ್ಲಿಂದಲೇ ತೆಗೆದದ್ದು, ಕಾಯಿಯ ಮೇಲೆ ಏನಿದೆ ಅಂತ ಕಾಣುವುದಿಲ್ಲ.

ನಾನು ಮೂರು ಕೇಳಿದೆ. ಒಂದು, ಉದುರಲು ಶುರುವಾಗಿ ಎಷ್ಟು ದಿನವಾಯಿತು. ಎರಡು, ಬಿದ್ದ ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಪ್ಪು ಹಸಿರು ಕಲೆ ಇದೆಯೇ, ಅಥವಾ ಸೂಜಿ ಚುಚ್ಚಿದಂಥ ಗುರುತು ಇದೆಯೇ. ಮೂರು, ಈ ಮಳೆಗಾಲದಲ್ಲಿ ಏನು ಸಿಂಪಡಿಸಿದ್ದೀರಿ, ಯಾವಾಗ, ಹೇಗೆ.

ಬಂದ ಉತ್ತರ ಇಷ್ಟೇ: "ಬೋರ್ಡೋ ಜೂನ್ 5ಕ್ಕೆ ಆಗಿದೆ."

ಉಳಿದ ಎರಡನ್ನು ಮತ್ತೆ ಕೇಳಲೇ? ಕೇಳಿದರೆ ಇನ್ನೊಂದು ದಿನ ಹೋಗುತ್ತದೆ, ಇಲ್ಲಿ ಮಳೆ ಬಿಟ್ಟಿಲ್ಲ. ಕೇಳದೆ, ಬೋರ್ಡೋ ಹೊಡೆದು ತಡೆಯುವ ಕೊಳೆರೋಗ ಅಂತಲೇ ಹಿಡಿದು ಹೇಳಿಬಿಟ್ಟರೆ, ನಾಳೆ ಅದು ಬೇರೇನೋ ಆಗಿದ್ದರೆ? ನೀವಾದರೆ ಏನು ಮಾಡುತ್ತಿದ್ದಿರಿ?

ಕಂಬಳಿಕೊಪ್ಪೆ

ಜುಲೈ ತಿಂಗಳು, ಮಲೆನಾಡು, ಬಿಡದ ಮಳೆ, ಹಸಿರು ಕಾಯಿ ಬೀಳ್ತಾ ಇದೆ. ಇದಕ್ಕೆ ಮೂರು ಪ್ರಶ್ನೆ ಯಾಕೆ ಬೇಕಿತ್ತು ಮೇಡಂ? ಕೊಳೆ. ಎರಡನೇ ಔಷಧಿ ಹೊಡೀರಿ ಅಂತ ಒಂದು ಸಾಲು ಹಾಕಿ ಮುಗಿಸಿ.

ಟಿಕೆಟ್ ಬಾಬು

ನಾನು ಬೆಂಗಳೂರಲ್ಲಿ ಒಂದು ಕಂಪನಿಯ ಗ್ರಾಹಕ ಸೇವೆಯಲ್ಲಿದ್ದೇನೆ, ಅಡಿಕೆ ಗೊತ್ತಿಲ್ಲ. ಆದರೆ ಈ ರೋಗ ಗೊತ್ತು. ಫಾರಂ ಮಾಡಿ, ಮೂರೂ ಪ್ರಶ್ನೆಗೆ ಕೆಂಪು ನಕ್ಷತ್ರ ಹಾಕಿ. ಭರ್ತಿ ಮಾಡದೆ ಮುಂದೆ ಹೋಗಲಾಗಬಾರದು.

ಹಿಂಗಾರ

ಬಾಬು ಅವರೇ, ಅದನ್ನು ಹಿಂದೆ ಮಾಡಿ ನೋಡಿದ್ದಾರೆ ನಮ್ಮವರು. ಕಡ್ಡಾಯ ಮಾಡಿದ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಕಳಿಸುತ್ತಾರೆ, ಇಲ್ಲವೇ "ಗೊತ್ತಿಲ್ಲ" ಅಂತ ಹಾಕುತ್ತಾರೆ. ಈಗ ನನ್ನ ಮುಂದಿರುವುದು ಮುಂದಿನ ಪ್ರಶ್ನೆಯನ್ನು ಹೇಗೆ ಕೇಳುವುದು ಎನ್ನುವುದಲ್ಲ, ಈ ಮನುಷ್ಯರಿಗೆ ಇವತ್ತು ಏನು ಹೇಳುವುದು ಅಂತ.

ತುಂಗಾತೀರ

ಹಿಂಗಾರ ಅವರೇ, ಮೊದಲು ಬಂದ ಉತ್ತರವನ್ನು ಪೂರ್ತಿ ಬಳಸಿಕೊಳ್ಳಿ. ಅದರೊಳಗೆ ನಿಮಗೆ ಬೇಕಾದ್ದು ಬಹಳಷ್ಟಿದೆ.

ಜೂನ್ 5ಕ್ಕೆ ಮೊದಲ ಸಿಂಪಡಣೆ. ಜುಲೈ 19ಕ್ಕೆ 44 ದಿನ. ಬೋರ್ಡೋ ಎರಡನೇ ಸಲ ಹೊಡೆಯುವುದು 40ರಿಂದ 45 ದಿನಕ್ಕೆ. ಅಂದರೆ ಕಾಯಿ ಉದುರಲಿ ಬಿಡಲಿ, ಕಾರಣ ಕೊಳೆಯಾಗಿರಲಿ ಇನ್ನೊಂದಾಗಿರಲಿ, ಈ ತೋಟಕ್ಕೆ ಈ ವಾರ ಬೋರ್ಡೋ ಬೀಳಲೇಬೇಕು. ನಿಮ್ಮ ಒಂದು ಮತ್ತು ಎರಡನೇ ಪ್ರಶ್ನೆಗೆ ಏನೇ ಉತ್ತರ ಬಂದರೂ ಈ ಮಾತು ಬದಲಾಗುವುದಿಲ್ಲ. ಬಿದ್ದ ಕಾಯಿ ಹೆಕ್ಕಿ ತೋಟದಿಂದ ಹೊರಗೆ ಸಾಗಿಸುವುದೂ ಹಾಗೆಯೇ. ಕೊಳೆಯಾಗಿದ್ದರೆ ಅದು ಅಗತ್ಯ, ಅಲ್ಲದಿದ್ದರೆ ಒಂದು ಆಳಿನ ಅರ್ಧ ದಿನ ಹೋಯಿತು, ಅಷ್ಟೇ.

ಆದ್ದರಿಂದ ಈ ಎರಡನ್ನು ಯಾವ ಷರತ್ತೂ ಇಲ್ಲದೆ ಇವತ್ತೇ ಹೇಳಿಬಿಡಿ. ಉತ್ತರಕ್ಕೆ ಕಾಯಬೇಕಾದ್ದು ಉಳಿದ ಮಾತಿಗೆ ಮಾತ್ರ.

ಎಷ್ಟು ದಿನದಿಂದ ಅನ್ನುವ ಪ್ರಶ್ನೆಯನ್ನು ನಾನು ಬಿಟ್ಟೇಬಿಡುತ್ತೇನೆ. ಮೂರು ದಿನ ಅಂದರೂ ಹತ್ತು ದಿನ ಅಂದರೂ ನೀವು ಇವತ್ತು ಹೇಳುವುದು ಅದೇ. ನಷ್ಟದ ಲೆಕ್ಕಕ್ಕೆ ಬೇಕಾಗಬಹುದು, ಔಷಧಿಗೆ ಬೇಡ.

ಕಂಬಳಿಕೊಪ್ಪೆ

ಅದೇ ತಾನೇ ನಾನು ಹೇಳಿದ್ದು? ಬೋರ್ಡೋ ಹೊಡೀರಿ ಅಂತ. ನೀವು ಉದ್ದ ಮಾಡಿ ಹೇಳಿದಿರಿ.

ತುಂಗಾತೀರ

ತೀರ್ಮಾನ ಒಂದೇ, ಕಾರಣ ಬೇರೆ. ನೀವು "ಇದು ಕೊಳೆ, ಆದ್ದರಿಂದ ಹೊಡೀರಿ" ಅಂದಿರಿ. ನಾನು "ಏನಾದರೂ ಆಗಿರಲಿ, ಹೊಡೆಯುವ ದಿನ ಬಂದಿದೆ" ಅಂದೆ. ಮೊದಲ ಸಿಂಪಡಣೆ ಜುಲೈ 5ಕ್ಕೆ ಆಗಿದ್ದರೆ ನಿಮ್ಮ ಮಾತು ಹಾಗೆಯೇ ಉಳಿಯುತ್ತಿತ್ತು, ನನ್ನದು ಉಳಿಯುತ್ತಿರಲಿಲ್ಲ. ಆಗ ಎರಡನೇ ಪ್ರಶ್ನೆಗೆ ಉತ್ತರ ಸಿಗುವ ತನಕ ನಾನು ಬಾಯಿ ಬಿಡುತ್ತಿರಲಿಲ್ಲ.

ಚನ್ನಗಿರಿ ತೋಟ

ನಮ್ಮಲ್ಲೂ ಬೀಳ್ತಾ ಇದೆ ಸರ್. ಕಾಯಿ ಅರ್ಧ ಬಲಿತ ಮೇಲೆ ಹಳದಿಯಾಗಿ ತುದಿಯಿಂದ ಸೀಳ್ತದೆ, ಒಳಗಿನ ಬೆಟ್ಟೆ ಕಾಣ್ತದೆ. ಎಂಟು ವರ್ಷದ ಗಿಡ, ಬೋರ್‌ವೆಲ್ ನೀರು. ನಾನೂ ಬೋರ್ಡೋ ಹೊಡೀಲಾ?

ತುಂಗಾತೀರ

ನಿಮ್ಮದು ಬೇರೆ ತಮ್ಮಾ. ಕಾಯಿ ಸೀಳುವುದಕ್ಕೆ ಬೋರ್ಡೋ ಬೇಡ. ಚೆನ್ನಾಗಿ ಬೆಳೆದ ಎಳೆ ಮರಗಳಲ್ಲೇ ಅದು ಹೆಚ್ಚು, ನೀರು ಒಮ್ಮೆ ಕಟ್ಟಿ ಒಮ್ಮೆ ಸುರಿದರೆ ಇನ್ನೂ ಹೆಚ್ಚು. ಲೀಟರಿಗೆ 2 ಗ್ರಾಂ ಬೋರಾಕ್ಸ್ ಅಡಿಕೆ ಗೊನೆಗೆ ಸಿಂಪಡಿಸುವ ಶಿಫಾರಸು ಇದೆ. ಬಸಿಗಾಲುವೆ ಹೇಗಿದೆ, ಪೊಟ್ಯಾಶ್ ಎಷ್ಟು ಕೊಡುತ್ತೀರಿ ಅಂತ ಬೇರೆಯಾಗಿ ಕೇಳಿ, ಇಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ದೋಟಿ ರಾಜ

ನಾನು ಔಷಧಿ ಹೊಡೆಯುವವನು, ಮಳೆಗಾಲದಲ್ಲಿ ಅದೇ ಕೆಲಸ. ಓದಿದ್ದು ಕಡಿಮೆ, ತಪ್ಪಿದ್ದರೆ ಹೇಳಿ.

ಆ ಮನುಷ್ಯ ತೋಟದಲ್ಲಿ ಇಲ್ಲ ಅನ್ನಿಸುತ್ತದೆ. ತೋಟದಲ್ಲಿ ಇರುವವರು ಮೊದಲು ಹೇಳುವುದೇ ಕಾಯಿ ಹೇಗಿದೆ ಅಂತ. ಔಷಧಿ ಹೊಡೆದ ತಾರೀಕು ಬಾಯಿಗೆ ಬರುವುದು ದುಡ್ಡು ಕಳಿಸಿದವರಿಗೆ. ನನಗೆ ಹಾಗೆ ಫೋನ್ ಮಾಡುವ ಗಿರಾಕಿಗಳು ಬೇಕಾದಷ್ಟಿದ್ದಾರೆ, ತೋಟ ತೀರ್ಥಹಳ್ಳಿ ಕಡೆ, ಮನೆ ವಿಜಯನಗರದಲ್ಲಿ. ಯುಪಿಐ ನೋಡಿ ತಾರೀಕು ಹೇಳುತ್ತಾರೆ.

ಮೇಡಂ, ಆ ಫೋಟೋದ ಮೇಲೆ ಫಾರ್ವರ್ಡೆಡ್ ಅಂತ ಇದೆಯಾ ನೋಡಿ.

ಹಿಂಗಾರ

ಇದೆ! ಫೋಟೋ ಮೇಲೆ ಸಣ್ಣ ಅಕ್ಷರದಲ್ಲಿ ಫಾರ್ವರ್ಡೆಡ್ ಅಂತಿದೆ. ಅಂದರೆ ತೋಟದಿಂದ ಯಾರೋ ಅವರಿಗೆ ಕಳಿಸಿದ್ದು, ಅವರು ನನಗೆ ದಾಟಿಸಿದ್ದು.

ಟಿಕೆಟ್ ಬಾಬು

ನಾನು ಹೇಳಬೇಕೆಂದಿದ್ದೆ, ನಮ್ಮಲ್ಲಿ ಮೂರು ಕೇಳಿದರೆ ಹೆಚ್ಚಾಗಿ ಕೊನೆಯದಕ್ಕೇ ಉತ್ತರ ಬರುತ್ತದೆ. ಓದುವವರ ಕಣ್ಣು ಕೊನೆಯ ಸಾಲಿಗೆ ಹೋಗಿರುತ್ತದೆ. ಇಲ್ಲೂ ಮೂರನೆಯದಕ್ಕೇ ಬಂದಿದೆ. ಮುಖ್ಯವಾದದ್ದನ್ನು ಕೊನೆಗೆ ಇಡಿ.

ತುಂಗಾತೀರ

ಇರಬಹುದು ಬಾಬು, ಆದರೆ ಇಲ್ಲಿ ರಾಜನ ಮಾತು ಹೆಚ್ಚು ಹೊಂದುತ್ತದೆ. ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟಿದ್ದಾರೆ, ಗೊತ್ತಿಲ್ಲದ್ದಕ್ಕೆ ಸುಮ್ಮನಿದ್ದಾರೆ. ಹಾಗಿದ್ದರೆ ಅದೇ ಎರಡು ಪ್ರಶ್ನೆ ಅವರಿಗೇ ಮತ್ತೆ ಕಳಿಸಿ ಏನೂ ಪ್ರಯೋಜನವಿಲ್ಲ. ಬುಟ್ಟಿಯ ಪಕ್ಕ ನಿಂತಿರುವವರಿಗೆ ಪ್ರಶ್ನೆ ತಲುಪಬೇಕು.

ಕಂಬಳಿಕೊಪ್ಪೆ

ಇಷ್ಟೆಲ್ಲ ತಲೆಬಿಸಿ ಯಾಕೆ ಅಂತ. ಕೊಳೆಯೋ ಕಾಯಿ ಚುಚ್ಚುವ ತಿಗಣೆಯೋ ಗೊತ್ತಾಗ್ತಿಲ್ಲ ಅಲ್ವಾ, ಬೋರ್ಡೋ ಬ್ಯಾರೆಲ್ಲಿಗೇ ಒಂದು ಕೀಟನಾಶಕ ಸೇರಿಸಿ ಹೊಡೆಸಲಿ. ಎರಡಕ್ಕೂ ಆಯ್ತು. ಮತ್ತೆ ಆಳು ಹುಡುಕುವ ಖರ್ಚೂ ಉಳೀತದೆ.

ತುಂಗಾತೀರ

ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಬೋರ್ಡೋದಲ್ಲಿ ಮೈಲುತುತ್ತದ ಜೊತೆ ಇರುವುದು ಸುಣ್ಣ. ಸುಣ್ಣದ ಕ್ಷಾರದಲ್ಲಿ ಎಷ್ಟೋ ಕೀಟನಾಶಕಗಳು ಬ್ಯಾರೆಲ್ಲಿನಲ್ಲೇ ಒಡೆದು ಸತ್ವ ಕಳೆದುಕೊಳ್ಳುತ್ತವೆ, ಬೋರ್ಡೋದ ಹದವೂ ಕೆಡಬಹುದು. ಎರಡಕ್ಕೂ ಆಗುವುದಿಲ್ಲ, ಎರಡೂ ಅರ್ಧಂಬರ್ಧ ಆಗುತ್ತದೆ. ಆಮೇಲೆ ಉದುರುವುದು ನಿಲ್ಲದಿದ್ದರೆ ಯಾವುದು ಕೈಕೊಟ್ಟಿತು ಅಂತಲೂ ತಿಳಿಯುವುದಿಲ್ಲ.

ಉತ್ತರ ಸಿಗದ ಪ್ರಶ್ನೆಯ ಎಲ್ಲ ಸಾಧ್ಯತೆಗೂ ಒಟ್ಟಿಗೆ ಮದ್ದು ಕೊಡುವುದು ಸುಲಭದ ದಾರಿ ಅನ್ನಿಸುತ್ತದೆ. ಇಲ್ಲಿ ಅದು ನಡೆಯುವುದಿಲ್ಲ. ತಿಗಣೆ ಚುಚ್ಚಿದ ಗುರುತನ್ನು ಯಾರಾದರೂ ಕಣ್ಣಿನಲ್ಲಿ ನೋಡುವ ತನಕ ಕೀಟನಾಶಕದ ಹೆಸರನ್ನೇ ಎತ್ತಬಾರದು.

ಹಿಂಗಾರ

ಸರಿ. ಹಾಗಾದರೆ ಬೋರ್ಡೋ ಮತ್ತು ಕಾಯಿ ಹೆಕ್ಕುವುದು, ಇವೆರಡು ಈಗಲೇ ಹೇಳುತ್ತೇನೆ. ಕಾಯಿ ಹೇಗಿದೆ ಎನ್ನುವುದನ್ನು ತೋಟದಲ್ಲಿರುವವರಿಂದ ತರಿಸುತ್ತೇನೆ. ಬೇರೇನಾದರೂ ಬಿಟ್ಟುಹೋಗಿದೆಯಾ?

ದೋಟಿ ರಾಜ

ಬಿಟ್ಟುಹೋಗಿದೆ ಮೇಡಂ. ಮೂರನೇ ಪ್ರಶ್ನೆಯಲ್ಲೇ ಬಿಟ್ಟುಹೋಗಿದೆ. ನೀವು ಏನು, ಯಾವಾಗ, ಹೇಗೆ ಅಂತ ಕೇಳಿದಿರಿ. ಅವರು ಏನು, ಯಾವಾಗ ಅಷ್ಟೇ ಹೇಳಿದರು. ಹೇಗೆ ಅನ್ನುವುದಕ್ಕೆ ಉತ್ತರವೇ ಇಲ್ಲ. ನನಗೆ ಕೇಳಿದರೆ ಬೇಕಾದದ್ದು ಅದೇ.

ಜೂನ್ 5ರ ಔಷಧಿ ಸರಿಯಾಗಿ ಆಗಿದ್ದರೆ ಇಷ್ಟು ಬೇಗ ಬುಟ್ಟಿಗಟ್ಟಲೆ ಬೀಳಬಾರದು. ಬೀಳ್ತಾ ಇದೆ ಅಂದರೆ ಮಿಶ್ರಣ ಸರಿಯಿರಲಿಲ್ಲ, ಇಲ್ಲ ಎಲ್ಲ ಗೊನೆಗೂ ಬಿದ್ದಿಲ್ಲ, ಇಲ್ಲ ಹೊಡೆದ ಕೂಡಲೆ ಮಳೆ ಬಂದು ತೊಳೆದಿದೆ. ಈಗ ನೀವು ಎರಡನೇದು ಹೊಡೆಸಿ ಅಂದರೆ ಅದೇ ಸುಣ್ಣ, ಅದೇ ಅಳತೆಯಲ್ಲಿ ಮತ್ತೊಮ್ಮೆ ಹೊಡೆಯುತ್ತಾರೆ. ಆಗುವುದು ಅದೇ.

ಹಿಂಗಾರ

ನಿಮ್ಮ ಕೈಯಲ್ಲಿ ಹೇಗೆ ಮಾಡುತ್ತೀರಿ, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ದೋಟಿ ರಾಜ

100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಇದು ಎಲ್ಲರಿಗೂ ಗೊತ್ತು. ಕೆಡುವುದು ಸುಣ್ಣದಲ್ಲಿ. ಚಿಪ್ಪು ಸುಣ್ಣ ಆಗಲಿ ಕಲ್ಲು ಸುಣ್ಣ ಆಗಲಿ, ಗಟ್ಟಿ ಇದ್ದದ್ದನ್ನು ಅವತ್ತೇ ನೀರು ಹಾಕಿ ಅರಳಿಸಬೇಕು. ಗಾಳಿಗೆ ಬಿಟ್ಟು ತಾನೇ ಪುಡಿಯಾದ ಸುಣ್ಣದಲ್ಲಿ ಖಾರ ಇರುವುದಿಲ್ಲ. ತೂಕ 1 ಕೆ.ಜಿ. ಇದ್ದರೂ ಕೆಲಸ ಅರ್ಧ ಕೆ.ಜಿ.ದೂ ಆಗುವುದಿಲ್ಲ.

ಮೈಲುತುತ್ತವನ್ನು 50 ಲೀಟರಿನಲ್ಲಿ ಬೇರೆ ಕರಗಿಸಿ, ಸುಣ್ಣದ ಹಾಲನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಸೋಸಿ ಇಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಬೇಡ. ತುತ್ತದ ನೀರನ್ನು ಸುಣ್ಣದ ಹಾಲಿಗೆ ನಿಧಾನ ಹೊಯ್ಯುತ್ತ ಕೋಲಿನಿಂದ ತಿರುಗಿಸುತ್ತ ಇರಬೇಕು. ಬಣ್ಣ ಆಕಾಶದ ನೀಲಿಗೆ ಬರುತ್ತದೆ.

ಆಮೇಲೆ ಕತ್ತಿ ಪರೀಕ್ಷೆ. ಚೆನ್ನಾಗಿ ಉಜ್ಜಿದ ಕತ್ತಿಯನ್ನು ಕೆಲವು ನಿಮಿಷ ಅದ್ದಿ ಹಿಡಿದು ತೆಗೆದರೆ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದೆಯಾ ನೋಡುವುದು. ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ಹಾಲು ಹಾಕಿ ಮತ್ತೆ ಅದ್ದಬೇಕು. ಕೆಂಪು ಹತ್ತದ ತನಕ ಪಂಪು ಚಾಲು ಮಾಡಬಾರದು. ಮಾಡಿದ್ದನ್ನು ಅವತ್ತೇ ಖಾಲಿ ಮಾಡಬೇಕು, ನಾಳೆಗೆ ಇಟ್ಟರೆ ಹಾಳು. ತುರ್ತಿನಲ್ಲಿ ಇದನ್ನು ಬಿಡುವವರೇ ಹೆಚ್ಚು.

ಹಿಂಗಾರ

ಇದನ್ನು ಅವರಿಗೆ ಪ್ರಶ್ನೆಯಾಗಿ ಹೇಗೆ ಕೇಳುವುದು? "ಮಿಶ್ರಣ ಸರಿ ಇತ್ತೇ?" ಅಂದರೆ "ಸರಿಯೇ ಇತ್ತು" ಅಂತ ಬರುತ್ತದೆ. ಔಷಧಿ ಹೊಡೆದವರಿಗೂ ನನ್ನ ಮೇಲೆ ಸಿಟ್ಟು ಬರುತ್ತದೆ.

ತುಂಗಾತೀರ

ಪ್ರಶ್ನೆಯಾಗಿ ಕೇಳಲೇಬೇಡಿ. ಕೆಲಸವಾಗಿ ಹೇಳಿ. "ಎರಡನೇ ಸಲ ಹೊಡೆಯುವಾಗ ಮನೆಯವರು ಯಾರಾದರೂ ಡ್ರಮ್ಮಿನ ಹತ್ತಿರ ನಿಂತು ಕತ್ತಿ ಅದ್ದಿ ನೋಡಲಿ, ಸುಣ್ಣ ಹೊಸದಿರಲಿ." ಇಷ್ಟು ಹೇಳಿದರೆ ಜೂನ್ 5ಕ್ಕೆ ಏನಾಗಿತ್ತು ಅನ್ನುವುದು ನಮಗೆ ಬೇಕಾಗುವುದೇ ಇಲ್ಲ. ಹಳೆಯದು ಸರಿಯಿದ್ದರೂ ಈ ಮಾತಿನಿಂದ ನಷ್ಟವಿಲ್ಲ, ಸರಿಯಿಲ್ಲದಿದ್ದರೆ ಈ ಸಲ ಸರಿಯಾಗುತ್ತದೆ, ಯಾರ ಮೇಲೂ ಆರೋಪ ಹೊರಿಸಿದಂತೆಯೂ ಆಗುವುದಿಲ್ಲ.

ಅಲ್ಲಿಗೆ ಲೆಕ್ಕ ಹೀಗಾಯಿತು. ಎಷ್ಟು ದಿನದಿಂದ ಅನ್ನುವುದು ಬೇಡ. ಹೇಗೆ ಹೊಡೆದರು ಅನ್ನುವುದು ಸೂಚನೆಯಾಯಿತು. ಕಾಯಿ ಹೇಗಿದೆ ಅನ್ನುವುದೊಂದೇ ನಿಜಕ್ಕೂ ಕೇಳಬೇಕಾದ್ದು. ಅದನ್ನೂ ವಿವರಿಸಿ ಅನ್ನಬೇಡಿ. ಐದು ಕಾಯಿ ಹೆಕ್ಕಿ, ತೊಟ್ಟಿನ ಭಾಗ ಮೇಲೆ ಮಾಡಿ ಒಂದು ಬಿಳಿ ಬಟ್ಟೆಯ ಮೇಲಿಟ್ಟು, ಒಂದು ಗೇಣು ದೂರದಿಂದ ಫೋಟೋ ತೆಗೆಯಲಿ.

ಒಂದು ಮಾತು ಮಾತ್ರ ಬಿಡಬೇಡಿ. ನೀವು ಕೊಳೆ ಅಂದುಕೊಂಡೇ ಹೇಳುತ್ತಿದ್ದೀರಿ ಅಂತ ಬಾಯಿಬಿಟ್ಟು ಹೇಳಿ. ಸುಮ್ಮನೆ ಒಳಗೊಳಗೇ ಅಂದುಕೊಂಡು ಬರೆದರೆ ನೀವು ಕಾಯಿ ನೋಡಿ ಹೇಳಿದಿರಿ ಅಂತ ಅವರು ತಿಳಿಯುತ್ತಾರೆ.

ಕಂಬಳಿಕೊಪ್ಪೆ

ಅದು ನನಗೆ ಒಪ್ಪಿಗೆ ಇಲ್ಲ. ರೈತರಿಗೆ "ಅಂದುಕೊಂಡಿದ್ದೇನೆ" ಅಂದರೆ ಇವಳಿಗೇ ಗೊತ್ತಿಲ್ಲ ಅಂತ ಅಂಗಡಿಗೆ ಹೋಗ್ತಾರೆ. ಅಂಗಡಿಯವ ಖಚಿತವಾಗಿ ಹೇಳ್ತಾನೆ, ಅವನು ಕೊಟ್ಟದ್ದನ್ನೇ ತಂದು ಹೊಡೀತಾರೆ. ಖಚಿತ ಮಾತಿಗೆ ಬೆಲೆ.

ದೋಟಿ ರಾಜ

ಇದರಲ್ಲಿ ಕೊಪ್ಪೆ ಅಣ್ಣನ ಮಾತು ಸುಳ್ಳಲ್ಲ. ನಾನು ಹಾಗೆ ಆಗಿದ್ದನ್ನು ನೋಡಿದ್ದೇನೆ.

ತುಂಗಾತೀರ

ಹೌದು, ಅದು ನಡೆಯುತ್ತದೆ, ನನ್ನ ಹತ್ತಿರ ಅದಕ್ಕೆ ಪೂರ್ತಿ ಉತ್ತರವಿಲ್ಲ. ಖಚಿತವಾದದ್ದನ್ನು ಮೊದಲು, ಅಂದಾಜನ್ನು ನಂತರ ಇಟ್ಟರೆ ಸ್ವಲ್ಪ ಉಳಿಯುತ್ತದೆ ಅಂತ ನನ್ನ ಅನಿಸಿಕೆ.

ಅಡಿಕೆಗೆ ಬೋರ್ಡೋ ಹೊಡೆಯುವುದನ್ನು ನಂಬಿಸಲಿಕ್ಕೂ ಸುಲಭವಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ಲೆಸ್ಲಿ ಕೋಲ್ಮನ್ ಈ ಕೊಳೆಯ ಬಗ್ಗೆ 1910ರಲ್ಲೇ ಬರೆದು ಬೋರ್ಡೋ ಶಿಫಾರಸು ಮಾಡಿದ್ದರು. ಅಷ್ಟರ ತನಕ ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುತ್ತಿದ್ದರು. ನಮ್ಮ ಅಜ್ಜನ ಕಾಲದಲ್ಲೂ ಕೊಟ್ಟೆಯನ್ನೇ ನಂಬಿದವರಿದ್ದರು.

ಹಿಂಗಾರ

ಕೆಳಗಿನದನ್ನು ಕಳಿಸಿದೆ. ಯಾರಿಗಾದರೂ ತಪ್ಪು ಕಂಡರೆ ಹೇಳಿ.

"ನಮಸ್ಕಾರ ಸರ್. ಜೂನ್ 5ಕ್ಕೆ ಹೊಡೆಸಿದ್ದರಿಂದ ಎರಡನೇ ಬೋರ್ಡೋ ಈ ವಾರವೇ ಆಗಬೇಕು, ಮಳೆ ಬಿಡುವು ಕೊಟ್ಟ ಮೊದಲ ದಿನ. ಬಿದ್ದ ಕಾಯಿಗಳನ್ನು ಹೆಕ್ಕಿಸಿ ತೋಟದಿಂದ ಹೊರಗೆ ಹಾಕಿಸಿ. ಈ ಸಲ ಮಿಶ್ರಣ ಮಾಡುವಾಗ ಸುಣ್ಣ ಹೊಸದಿರಲಿ, ಮನೆಯವರೊಬ್ಬರು ಹತ್ತಿರ ನಿಂತು ಉಜ್ಜಿದ ಕತ್ತಿ ಅದ್ದಿ ನೋಡಲಿ. ಅಲಗಿಗೆ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು.

ಇದು ಕೊಳೆ ಇರಬಹುದು ಅಂತ ನಾನು ಅಂದುಕೊಂಡಿದ್ದೇನೆ, ಕಾಯಿ ಹತ್ತಿರದಿಂದ ನೋಡಿಲ್ಲ. ತೋಟದಲ್ಲಿರುವವರಿಗೆ ಇದನ್ನು ಕಳಿಸಿ: ಬಿದ್ದ ಐದು ಕಾಯಿ, ತೊಟ್ಟು ಮೇಲೆ ಮಾಡಿ, ಬಿಳಿ ಬಟ್ಟೆ ಮೇಲೆ, ಹತ್ತಿರದಿಂದ ಒಂದು ಫೋಟೋ. ಅದು ಬರುವ ತನಕ ಬೇರೆ ಯಾವ ಔಷಧಿಯನ್ನೂ ತರಬೇಡಿ."

ಟಿಕೆಟ್ ಬಾಬು

ಕೊನೆಯ ಸಾಲು ಚೆನ್ನಾಗಿದೆ. ಆದರೆ ಫೋಟೋ ಕೇಳಿದ ಮಾತು ನಡುವೆ ಹೂತುಹೋಗಿದೆ. ಅದನ್ನು ಬೇರೆ ಮೆಸೇಜ್ ಮಾಡಿದ್ದರೆ ಅವರು ಹಾಗೇ ಫಾರ್ವರ್ಡ್ ಮಾಡುತ್ತಿದ್ದರು.

ಹಿಂಗಾರ

ಅದು ಸರಿ. ಆ ಎರಡು ಸಾಲನ್ನು ಬೇರೆಯಾಗಿ ಮತ್ತೊಮ್ಮೆ ಹಾಕಿದೆ.

ಹಿಂಗಾರ (ಮರುದಿನ ಸಂಜೆ)

ಫೋಟೋ ಬಂತು. ಐದು ಕೇಳಿದ್ದೆ, ಮೂರು ಕಾಯಿ ಇದೆ. ಎರಡರಲ್ಲಿ ತೊಟ್ಟಿನ ಕೆಳಗೆ ಕಪ್ಪು ಹಸಿರು ಕಲೆ ಸ್ಪಷ್ಟ, ಕಾಯಿಗೆ ಹೊಳಪಿಲ್ಲ, ಒದ್ದೆ ಹಿಡಿದಂತಿದೆ. ಮೂರನೆಯದು ಚಿಕ್ಕದು, ಕಲೆಯೇ ಇಲ್ಲ, ತೊಟ್ಟು ಒಣಗಿದಂತಿದೆ. ಚುಚ್ಚಿದ ಗುರುತು ಯಾವುದರಲ್ಲೂ ನನಗೆ ಕಾಣಲಿಲ್ಲ. ಜೊತೆಗೆ ಒಂದು ವಾಯ್ಸ್ ಮೆಸೇಜ್, ಅವರ ಚಿಕ್ಕಮ್ಮನದಂತೆ: "ಬಿದ್ದು ಎರಡು ದಿನ ಆದ ಕಾಯಿ ಮೇಲೆ ಬೂಷ್ಟು ಬಂದ ಹಾಗೆ ಬಿಳಿ ಬರ್ತದೆ ಮಗಾ."

ತುಂಗಾತೀರ

ಚಿಕ್ಕಮ್ಮನ ಒಂದು ಮಾತು ನಿಮ್ಮ ಎರಡನೇ ಪ್ರಶ್ನೆಗೆ ಸಾಕು. ಕಲೆ, ಆಮೇಲೆ ಬಿಳಿ ಬೂಷ್ಟು, ಕೊಳೆಯೇ. ಅನುಮಾನವಿದ್ದರೆ ಕಲೆ ಈಗಷ್ಟೇ ಮೂಡಿದ ಹೊಸ ಕಾಯಿಯನ್ನು ಒದ್ದೆ ಬಟ್ಟೆಯ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲಿ, ಒಂದೆರಡು ದಿನದಲ್ಲಿ ಬಿಳಿ ಬರುತ್ತದೆ.

ಮೂರನೇ ಕಾಯಿಯ ಬಗ್ಗೆ ಫೋಟೋದಿಂದ ನಾನು ಏನೂ ಹೇಳಲಾರೆ. ಮರ ತಾನಾಗಿಯೇ ಕೆಲವು ಎಳೆ ಕಾಯಿ ಬೀಳಿಸುತ್ತದೆ, ಬುಡದಲ್ಲಿ ನೀರು ನಿಂತರೂ ಬೀಳುತ್ತದೆ. ಒಂದು ಕಾಯಿಗಾಗಿ ಹೊಸ ಪ್ರಶ್ನೆ ಎಬ್ಬಿಸಬೇಡಿ. ಬೋರ್ಡೋ ಆದ ಮೇಲೂ ಅಂಥ ಕಲೆಯಿಲ್ಲದ ಕಾಯಿಯೇ ಬೀಳುತ್ತಿದ್ದರೆ ಆಗ ನೋಡೋಣ.

ಕೊಳೆ ಹಿಡಿದ ಮರಗಳ ಸುಳಿಯ ಮೇಲೂ ಕಣ್ಣಿಡಲು ಹೇಳಿ. ಅದೇ ರೋಗ ಸುಳಿಗೆ ಇಳಿದರೆ ಕಾಯಿ ಹೋಗುವುದಲ್ಲ, ಮರವೇ ಹೋಗುತ್ತದೆ.

ಕಂಬಳಿಕೊಪ್ಪೆ

ಕೊನೆಗೂ ಕೊಳೆಯೇ ಆಯ್ತಲ್ಲ. ನಾನು ಮೊದಲ ಸಾಲಲ್ಲೇ ಹೇಳಿದ್ದೆ.

ದೋಟಿ ರಾಜ

ಹೇಳಿದ್ದು ಹೌದು ಅಣ್ಣ. ಕೀಟನಾಶಕ ಬೆರೆಸಿ ಅಂತಲೂ ನೀವೇ ಹೇಳಿದ್ದು.

ಮೇಡಂ, ಅವರಿಗೆ ಮಳೆ ಬಿಟ್ಟ ಮೊದಲ ದಿನ ಅಂತ ಹೇಳಿದ್ದೀರಿ. ನಮ್ಮ ಕಡೆ ಇನ್ನೂ ಬಿಟ್ಟಿಲ್ಲ. ಬಿಟ್ಟ ದಿನ ಎಲ್ಲರಿಗೂ ಅವತ್ತೇ ಬೇಕು, ಆಳು ಸಿಗುವುದಿಲ್ಲ. ಈಗಲೇ ಯಾರಿಗಾದರೂ ಹೇಳಿಟ್ಟುಕೊಳ್ಳಲಿ. ಸುಣ್ಣವನ್ನು ಮಾತ್ರ ಮುಂಚೆ ತಂದು ಬಾಯಿ ಬಿಚ್ಚಿ ಇಡಬೇಡಿ ಅನ್ನಿ.

ಚನ್ನಗಿರಿ ತೋಟ

ಸರ್, ಬೋರಾಕ್ಸ್ ಬೋರ್ಡೋ ಜೊತೆ ಬೆರೆಸಬಹುದಾ?

ಹಿಂಗಾರ

ಬೆರೆಸಬೇಡಿ. ನಿಮ್ಮದಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ಅಲ್ಲಿ ಒಂದೇ ಪ್ರಶ್ನೆ ಕೇಳಿದ್ದೇನೆ: ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತೀರಿ?